ಬಸಿರಿದ್ದರೂ ಕಾರ್ಡಿನಲ್ಲಿ ಒಂದೇ ಗೆರೆ: ಹಾರ್ಮೋನ್ ಅತಿಯಾದಾಗ ಮೂತ್ರ ಪರೀಕ್ಷೆ ತಪ್ಪುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವುದು ನನ್ನ ಕೆಲಸ. ಆಶಾ ಕಾರ್ಯಕರ್ತೆಯರು, ಸೊಸೆಯನ್ನು ಕರೆದುಕೊಂಡು ಬರುವ ಅತ್ತೆಯಂದಿರು, ಮೆಡಿಕಲ್ ಶಾಪಿನ ಹುಡುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ವಿಷಯಕ್ಕೆ ಸೇರಿದವನ್ನು ಮಾತ್ರ ಇಲ್ಲಿ ಒಟ್ಟುಗೂಡಿಸಿದ್ದೇನೆ. ಕಾರ್ಡ್ ಬಳಸುವುದು ಹೇಗೆ ಎಂಬುದು ಪೊಟ್ಟಣದ ಮೇಲೆಯೇ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಕಾಣದ ಸಂಗತಿ ಇಲ್ಲಿದೆ.

ಹಾರ್ಮೋನ್ ಹೆಚ್ಚಿದ್ದಷ್ಟೂ ಗೆರೆ ಗಾಢವಾಗಬೇಕಲ್ಲವೇ? ಹೆಚ್ಚಾಗಿ ಮಾಯವಾಗುವುದು ಎಂದರೇನು?

ಒಂದು ಮಟ್ಟದವರೆಗೆ ನಿಮ್ಮ ಎಣಿಕೆ ಸರಿ. ಬಸಿರಾದ ಮೇಲೆ ಮಾಸುಚೀಲವಾಗಿ ಬೆಳೆಯುವ ಜೀವಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಅದು ರಕ್ತಕ್ಕೆ ಸೇರಿ, ಅಲ್ಲಿಂದ ಮೂತ್ರಕ್ಕೂ ಬರುತ್ತದೆ. ಮನೆಯಲ್ಲಿ ಬಳಸುವ ಕಾರ್ಡುಗಳಲ್ಲಿ ಹೆಚ್ಚಿನವು ಒಂದು ಮಿಲಿಲೀಟರ್ ಮೂತ್ರದಲ್ಲಿ ಸುಮಾರು 25 ಮಿಲಿ ಅಂತರರಾಷ್ಟ್ರೀಯ ಯೂನಿಟ್ ಹಾರ್ಮೋನ್ ಇದ್ದರೆ ಅದನ್ನು ಗುರುತಿಸುತ್ತವೆ. ಮುಂದೆ ಇದನ್ನು ಬರೀ ‘ಯೂನಿಟ್’ ಎನ್ನುತ್ತೇನೆ. 25ರಿಂದ ನೂರಕ್ಕೆ, ಸಾವಿರಕ್ಕೆ ಏರಿದಂತೆ ಗೆರೆ ಗಾಢವಾಗುತ್ತ ಹೋಗುತ್ತದೆ. ಆಮೇಲೆ ಒಂದು ಹಂತದಲ್ಲಿ ನಿಲ್ಲುತ್ತದೆ. ಹಾರ್ಮೋನ್ ಅದನ್ನೂ ಮೀರಿ ಲಕ್ಷಗಳಿಗೆ ಹೋದರೆ ಗೆರೆ ಮತ್ತೆ ಮಸುಕಾಗುತ್ತದೆ, ಕೆಲವೊಮ್ಮೆ ಕಾಣದಂತೆಯೂ ಆಗುತ್ತದೆ. ಇದನ್ನು ಗ್ರಾಫಿನಲ್ಲಿ ಬರೆದರೆ ಮೇಲೇರಿದ ಗೆರೆ ತುದಿಯಲ್ಲಿ ಕೊಕ್ಕೆಯಂತೆ ಕೆಳಕ್ಕೆ ಬಾಗುವುದರಿಂದ ಲ್ಯಾಬಿನವರು ಇದನ್ನು ಹುಕ್ ಎಫೆಕ್ಟ್ ಎನ್ನುತ್ತಾರೆ.

ಕಾರ್ಡಿನ ಒಳಗೆ ಆಗುವುದೇನು?

ಇದೊಂದು ಅರ್ಥವಾದರೆ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾರ್ಡಿನ ಪ್ಲಾಸ್ಟಿಕ್ ಬಿಚ್ಚಿ ನೋಡಿದರೆ ಒಳಗೆ ಕಾಗದದಂಥ ಒಂದು ಪಟ್ಟಿ ಇರುತ್ತದೆ. ಮೂತ್ರದ ಹನಿ ಬೀಳುವ ಕಡೆ ಬಣ್ಣದ ಅತಿ ಸೂಕ್ಷ್ಮ ಕಣಗಳನ್ನು ಒಣಗಿಸಿ ಇಟ್ಟಿರುತ್ತಾರೆ. ಅವು ಸಾಮಾನ್ಯವಾಗಿ ಚಿನ್ನದ ಕಣಗಳು. ಅಷ್ಟು ಸಣ್ಣದಾದಾಗ ಚಿನ್ನ ಕೆಂಪಾಗಿ ಕಾಣುತ್ತದೆ. ಪ್ರತಿ ಕಣಕ್ಕೂ ಎಚ್‌ಸಿಜಿಯ ಒಂದು ಭಾಗವನ್ನು ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ‘ಟಿ’ ಎಂದು ಬರೆದ ಜಾಗದಲ್ಲಿ ಎಚ್‌ಸಿಜಿಯ ಇನ್ನೊಂದು ಭಾಗವನ್ನು ಹಿಡಿಯುವ ಬೇರೆ ಪ್ರತಿಕಾಯಗಳು ಪಟ್ಟಿಗೇ ಭದ್ರವಾಗಿ ಅಂಟಿಕೊಂಡಿರುತ್ತವೆ. ಮೂತ್ರ ಹರಿದಾಗ ಬಣ್ಣದ ಕಣಗಳು ಅದರೊಂದಿಗೆ ಮುಂದಕ್ಕೆ ಸಾಗುತ್ತವೆ.

ಶರಾವತಿ ಹಿನ್ನೀರಿನ ದಡದಲ್ಲಿ ದೋಣಿ ಕಟ್ಟುವುದನ್ನು ನೆನೆಸಿಕೊಳ್ಳಿ. ಬಣ್ಣದ ಕಣ ದೋಣಿ, ‘ಟಿ’ ಗೆರೆ ಗೂಟಗಳ ಸಾಲು, ಎಚ್‌ಸಿಜಿ ಹಗ್ಗ. ಹಗ್ಗದ ಒಂದು ತುದಿ ದೋಣಿಗೂ ಇನ್ನೊಂದು ತುದಿ ಗೂಟಕ್ಕೂ ಸಿಕ್ಕಿದಾಗ ಮಾತ್ರ ದೋಣಿ ನಿಲ್ಲುತ್ತದೆ. ಅಂಥ ಸಾವಿರಾರು ದೋಣಿಗಳು ಒಂದೇ ಸಾಲಿನಲ್ಲಿ ನಿಂತರೆ ನಮ್ಮ ಕಣ್ಣಿಗೆ ಗೆರೆ ಕಾಣುತ್ತದೆ. ಹಗ್ಗವೇ ಇಲ್ಲದಿದ್ದರೆ ದೋಣಿಗಳು ತೇಲಿ ಹೋಗುತ್ತವೆ, ಗೆರೆ ಬರುವುದಿಲ್ಲ. ಬಸಿರು ಇಲ್ಲದಾಗ ಆಗುವುದು ಇದು.

ಈಗ ಹಗ್ಗ ಲೆಕ್ಕಕ್ಕೆ ಮೀರಿ ಬಂದಿದೆ ಎಂದುಕೊಳ್ಳಿ. ಪ್ರತಿ ದೋಣಿಯ ಬಳೆಗೂ ಆಗಲೇ ಒಂದೊಂದು ಹಗ್ಗ ಬಿಗಿದುಕೊಂಡಿದೆ. ಪ್ರತಿ ಗೂಟಕ್ಕೂ ಬೇರೆ ಹಗ್ಗ ಸುತ್ತಿಕೊಂಡಿದೆ. ದೋಣಿ ತನ್ನ ಹಗ್ಗ ಎಳೆದುಕೊಂಡು ದಡಕ್ಕೆ ಬಂದರೆ ಖಾಲಿ ಗೂಟ ಒಂದೂ ಇಲ್ಲ. ಹಗ್ಗಗಳ ರಾಶಿಯ ನಡುವೆಯೇ ದೋಣಿಗಳು ತೇಲಿ ಹೋಗುತ್ತವೆ. ಹಾರ್ಮೋನ್ ಇಲ್ಲದಿದ್ದಾಗಲೂ ಅತಿಯಾಗಿ ಇದ್ದಾಗಲೂ ಕಾರ್ಡಿನ ಮೇಲೆ ಒಂದೇ ಚಿತ್ರ ಕಾಣುವುದು ಈ ಕಾರಣಕ್ಕೆ.

‘ಸಿ’ ಗೆರೆ ಸರಿಯಾಗಿ ಬಂದಿತ್ತು. ಹಾಗಾದರೆ ಪರೀಕ್ಷೆ ಸರಿ ಎಂದಲ್ಲವೇ?

ಅಲ್ಲ. ‘ಸಿ’ ಗೆರೆಯಲ್ಲಿರುವುದು ದೋಣಿಯನ್ನೇ ನೇರವಾಗಿ ಹಿಡಿಯುವ ಬೇರೆ ಪ್ರತಿಕಾಯ. ಅದಕ್ಕೆ ಹಗ್ಗದ ಅಗತ್ಯವೇ ಇಲ್ಲ. ಮೂತ್ರ ಪಟ್ಟಿಯ ಆ ತುದಿಯವರೆಗೆ ಹರಿಯಿತು, ಬಣ್ಣದ ಕಣಗಳು ಕೆಟ್ಟಿಲ್ಲ ಎಂಬುದಷ್ಟನ್ನೇ ಅದು ಹೇಳುತ್ತದೆ. ಹುಕ್ ಎಫೆಕ್ಟ್ ಆದಾಗ ‘ಸಿ’ ಗೆರೆ ಚೆನ್ನಾಗಿಯೇ ಮೂಡುತ್ತದೆ. ಈ ತಪ್ಪು ಅಷ್ಟು ನಂಬಿಕೆ ಹುಟ್ಟಿಸುವುದು ಅದರಿಂದಲೇ: ಕಾರ್ಡ್ ಕೆಟ್ಟಂತೆ ಕಾಣುವುದೇ ಇಲ್ಲ.

ಅಷ್ಟು ಹಾರ್ಮೋನ್ ಯಾರಿಗೆ ಇರುತ್ತದೆ? ನನಗೂ ಹೀಗಾಗಬಹುದೇ?

ಮೊದಲ ವಾರಗಳಲ್ಲಿ ಎಚ್‌ಸಿಜಿ ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಎಂಟರಿಂದ ಹನ್ನೊಂದನೆಯ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಆಗ ರಕ್ತದಲ್ಲಿ ಒಂದು ಲಕ್ಷ ಯೂನಿಟ್ ಇರುವುದು ಸಾಮಾನ್ಯ. ಕೆಲವರಲ್ಲಿ ಎರಡು ಲಕ್ಷ ದಾಟುತ್ತದೆ. ಆಮೇಲೆ ಇಳಿಯುತ್ತದೆ.

ಮೇಲೆ ಹೇಳಿದ ದೋಣಿ ಹಗ್ಗದ ಗೊಂದಲ ಸಾಮಾನ್ಯವಾಗಿ ಐದು ಲಕ್ಷ ಯೂನಿಟ್ ದಾಟಿದ ಮೇಲೆ ಕಾಣುವಂಥದ್ದು. ಅಂದರೆ ಸಹಜ ಬಸಿರಿನಲ್ಲಿ, ಅವಳಿಯೇ ಆಗಿದ್ದರೂ, ಹಾರ್ಮೋನ್ ಏರಿದ ಮಾತ್ರಕ್ಕೇ ಇದು ಆಗುವುದು ಬಹಳ ಅಪರೂಪ. ಐದು ಲಕ್ಷ, ಹತ್ತು ಲಕ್ಷಕ್ಕೆ ಒಯ್ಯುವ ಮುಖ್ಯ ಸ್ಥಿತಿ ಮೋಲಾರ್ ಗರ್ಭ. ಅದರಲ್ಲಿ ಮಗು ಬೆಳೆಯುವ ಬದಲು ಮಾಸುಚೀಲದ ಅಂಗಾಂಶವೇ ನೀರು ತುಂಬಿದ ಗುಳ್ಳೆಗಳ ಗೊಂಚಲಾಗಿ ಉಬ್ಬುತ್ತದೆ. ಹಾರ್ಮೋನ್ ತಯಾರಿಸುವುದೂ ಅದೇ ಅಂಗಾಂಶವಾದ್ದರಿಂದ ಮಟ್ಟ ಎಲ್ಲೆ ಮೀರುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ‘ಹಾಗಾದರೆ ನನಗೆ ಸಂಬಂಧವಿಲ್ಲ’ ಎಂದು ಹೆಚ್ಚಿನವರು ಮುಂದಕ್ಕೆ ಹೋಗುತ್ತಾರೆ. ಆದರೆ ಇನ್ನೊಂದು ಬಗೆಯ ತಪ್ಪಿದೆ. ಅದು ಆರೋಗ್ಯವಂತ ಬಸಿರಿನಲ್ಲಿಯೇ ಆಗುತ್ತದೆ.

ಆರೋಗ್ಯವಂತ ಬಸಿರಿನಲ್ಲಿ ಹೇಗೆ ತಪ್ಪುತ್ತದೆ?

ರಕ್ತದಲ್ಲಿ ಇದ್ದ ಎಚ್‌ಸಿಜಿಯೇ ಮೂತ್ರಕ್ಕೆ ಬರುತ್ತದೆ ಎಂದೆನಲ್ಲ, ಅದು ಅರ್ಧ ಸತ್ಯ. ದಾರಿಯಲ್ಲಿ, ಹೆಚ್ಚಾಗಿ ಮೂತ್ರಪಿಂಡದಲ್ಲಿ, ಅದು ಒಡೆಯುತ್ತದೆ. ಒಡೆದು ಉಳಿದ ಒಂದು ಗಟ್ಟಿ ತುಂಡಿಗೆ ಬೀಟಾ ಕೋರ್ ಫ್ರಾಗ್‌ಮೆಂಟ್ ಎನ್ನುತ್ತಾರೆ. ಬಸಿರಿನ ಮೊದಲ ದಿನಗಳಲ್ಲಿ ಮೂತ್ರದಲ್ಲಿ ಪೂರ್ಣ ಹಾರ್ಮೋನೇ ಹೆಚ್ಚು. ವಾರಗಳು ಕಳೆದಂತೆ ಲೆಕ್ಕ ತಿರುವುಮುರುವಾಗುತ್ತದೆ. ಎರಡು ತಿಂಗಳು ತುಂಬುವ ಹೊತ್ತಿಗೆ ಮೂತ್ರದಲ್ಲಿ ಪೂರ್ಣ ಹಾರ್ಮೋನಿಗಿಂತ ಈ ತುಂಡೇ ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ತುಂಡಾದ ಹಗ್ಗಕ್ಕೆ ಒಂದೇ ತುದಿ. ಕೆಲವು ಕಾರ್ಡುಗಳಲ್ಲಿ ಎರಡು ಪ್ರತಿಕಾಯಗಳ ಪೈಕಿ ಒಂದು ಈ ತುಂಡನ್ನು ಹಿಡಿಯುತ್ತದೆ, ಇನ್ನೊಂದು ಗುರುತಿಸುವುದೇ ಇಲ್ಲ. ಹಿಡಿಯುವ ಕಡೆಯೆಲ್ಲ ತುಂಡುಗಳೇ ತುಂಬಿಕೊಂಡರೆ ಪೂರ್ಣ ಹಗ್ಗಕ್ಕೆ ಅಲ್ಲಿ ಜಾಗ ಉಳಿಯುವುದಿಲ್ಲ. ಪೂರ್ಣ ಹಾರ್ಮೋನ್ ಐದು ಲಕ್ಷದ ಹತ್ತಿರಕ್ಕೂ ಹೋಗಬೇಕಿಲ್ಲ, ಗೆರೆ ಮಾಯವಾಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆನ್ ಗ್ರೊನೋವ್ಸ್ಕಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೆಲಸದಿಂದ ಈ ಕಾರಣ ಸ್ಪಷ್ಟವಾಯಿತು. ಆಸ್ಪತ್ರೆಯಲ್ಲಿ ಬಳಸುವ ಪರೀಕ್ಷೆಗಳೇ ಬಸಿರು ಗೊತ್ತಿದ್ದವರ ಮೂತ್ರದಲ್ಲಿ ‘ಇಲ್ಲ’ ಎನ್ನುತ್ತಿದ್ದವು. ಹುಡುಕುತ್ತ ಹೋದಾಗ ಈ ತುಂಡು ಸಿಕ್ಕಿತು.

ಎಲ್ಲ ಕಂಪನಿಗಳ ಕಾರ್ಡುಗಳಿಗೂ ಈ ದೋಷ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಪ್ರತಿಕಾಯಗಳ ಆಯ್ಕೆಯ ಮೇಲೆ ಅದು ನಿಂತಿದೆ. ಕೆಲವು ಹೆಚ್ಚುಕಡಿಮೆ ತಪ್ಪುವುದೇ ಇಲ್ಲ. ಕೆಲವು ಗೆರೆಯನ್ನು ಮಸುಕಾಗಿಸುತ್ತವೆ. ಕೆಲವು ಅಳಿಸಿಯೇ ಬಿಡುತ್ತವೆ. ಕಾರ್ಡ್ ಎಷ್ಟು ಸೂಕ್ಷ್ಮ, 10 ಯೂನಿಟ್ ಗುರುತಿಸುತ್ತದೆಯೋ 25 ಗುರುತಿಸುತ್ತದೆಯೋ ಎಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಾರೆ. ತುಂಡುಗಳ ಮುಂದೆ ಅದು ಎಷ್ಟು ತಡೆದುಕೊಳ್ಳುತ್ತದೆ ಎಂದು ಬರೆದ ಪೊಟ್ಟಣ ನನ್ನ ಕೈಗೆ ಇನ್ನೂ ಬಂದಿಲ್ಲ. ಕೊಳ್ಳುವವರಿಗೆ ಇದು ಅನ್ಯಾಯ ಎಂದೇ ನನ್ನ ಭಾವನೆ.

‘ಬೆಳಗಿನ ಮೊದಲ ಮೂತ್ರ’ ಎಂದೇ ಎಲ್ಲರೂ ಹೇಳುತ್ತಾರೆ. ಅದನ್ನೇ ಬಳಸಿದರೂ ಬರಲಿಲ್ಲವಲ್ಲ?

ಮುಟ್ಟು ತಪ್ಪಿದ ಮೊದಲ ವಾರಕ್ಕೆ ಅದು ಒಳ್ಳೆಯ ಸಲಹೆ. ಆಗ ಹಾರ್ಮೋನ್ ಕಡಿಮೆ. ರಾತ್ರಿಯೆಲ್ಲ ಸೇರಿಕೊಂಡು ಗಟ್ಟಿಯಾದ ಮೂತ್ರದಲ್ಲಿ ಅದು ಸಿಗುವ ಸಂಭವ ಜಾಸ್ತಿ. ಎರಡು ತಿಂಗಳು ದಾಟಿದ ಮೇಲೆ ಅದೇ ಸಲಹೆ ತಿರುಗಿ ಬೀಳುತ್ತದೆ. ಗಟ್ಟಿ ಮೂತ್ರದಲ್ಲಿ ತುಂಡುಗಳೂ ಗಟ್ಟಿಯಾಗಿರುತ್ತವೆ. ಬೆಳಿಗ್ಗೆ ಒಂದು ಗೆರೆ ಬಂದವರಿಗೆ, ನೀರು ಮಜ್ಜಿಗೆ ಕುಡಿದು ಮಧ್ಯಾಹ್ನ ಮಾಡಿದರೆ ಎರಡು ಗೆರೆ ಬರಬಹುದು. ವಾಂತಿಯಿಂದ ನೀರೂ ನಿಲ್ಲದವರ ಮೂತ್ರ ಇಡೀ ದಿನ ಗಟ್ಟಿಯಾಗಿಯೇ ಇರುತ್ತದೆ. ಬಸಿರಿನ ಲಕ್ಷಣ ಅತಿ ಹೆಚ್ಚು ಇರುವವರಿಗೇ ಕಾರ್ಡ್ ಕೈಕೊಡುವ ಸಾಧ್ಯತೆ ಹೆಚ್ಚಾಗುವುದು ಹೀಗೆ.

ಮುಟ್ಟು ತಪ್ಪಿ ನಾಲ್ಕೇ ದಿನ ಆಗಿದೆ, ಒಂದೇ ಗೆರೆ. ಇದೂ ಹುಕ್ ಎಫೆಕ್ಟ್ ಇರಬಹುದೇ?

ಇಲ್ಲ. ಇಷ್ಟು ಬೇಗ ಹಾರ್ಮೋನ್ ಅತಿಯಾಗಿರುವುದಿಲ್ಲ. ಬಸಿರೇ ಇಲ್ಲ, ಅಥವಾ ಹಾರ್ಮೋನ್ ಇನ್ನೂ 25 ಮುಟ್ಟಿಲ್ಲ. ಒಂದು ವಾರ ಬಿಟ್ಟು ಮತ್ತೆ ನೋಡಿ. ‘ಇಲ್ಲ’ ಎಂದು ತಪ್ಪಾಗಿ ಬರುವ ಕಾರ್ಡುಗಳಲ್ಲಿ ಬಹುಪಾಲು ಬೇಗ ಮಾಡಿದವೇ. ಈ ಪುಟದ ವಿಷಯ ಮುಟ್ಟು ನಿಂತು ತಿಂಗಳು, ಎರಡು ತಿಂಗಳು ಕಳೆದವರದ್ದು.

ಒಂದು ಎಚ್ಚರಿಕೆ ಮಾತ್ರ: ಮುಟ್ಟು ತಪ್ಪಿದ್ದು ಕಿಬ್ಬೊಟ್ಟೆಯ ಒಂದು ಪಕ್ಕ ತೀವ್ರ ನೋವು, ತಲೆಸುತ್ತು ಇದ್ದರೆ ಕಾರ್ಡಿನಲ್ಲಿ ಎಷ್ಟು ಗೆರೆ ಬಂದರೂ ಮನೆಯಲ್ಲಿ ಕೂರಬೇಡಿ. ಗರ್ಭಕೋಶದ ಹೊರಗೆ ಬಸಿರು ನಿಂತಾಗ ಹಾರ್ಮೋನ್ ಕಡಿಮೆ ಇರುವುದುಂಟು. ಅದು ಬೇರೆಯೇ ಕಥೆ, ಆದರೆ ಜೀವಕ್ಕೆ ಅಪಾಯ.

ಹುಕ್ ಎಫೆಕ್ಟ್ ಹೌದೋ ಅಲ್ಲವೋ ಎಂದು ಲ್ಯಾಬಿನಲ್ಲಿ ಹೇಗೆ ಕಂಡುಹಿಡಿಯುತ್ತೀರಿ?

ಮೂತ್ರಕ್ಕೆ ನೀರು ಬೆರೆಸಿ ತೆಳುವಾಗಿಸುತ್ತೇವೆ. ನಿಜವಾಗಿ ಹಾರ್ಮೋನ್ ಇಲ್ಲದ ಮೂತ್ರವನ್ನು ಎಷ್ಟು ತೆಳುವಾಗಿಸಿದರೂ ಗೆರೆ ಬರುವುದಿಲ್ಲ. ಅತಿಯಾಗಿ ಇದ್ದರೆ, ತೆಳುವಾಗಿಸಿದಾಗ ಗೆರೆ ಹುಟ್ಟುತ್ತದೆ. ನೀರು ಬೆರೆಸಿದಷ್ಟೂ ಗೆರೆ ಗಾಢವಾಗುವ ಈ ವಿಚಿತ್ರವೇ ಗುರುತು.

ಒಂದು ಮಿಲಿಲೀಟರ್ ಮೂತ್ರಕ್ಕೆ ಒಂಬತ್ತು ಮಿಲಿಲೀಟರ್ ಸಲೈನ್ ಸೇರಿಸಿ ಚೆನ್ನಾಗಿ ಕಲಕುತ್ತೇವೆ. ಇದು ಹತ್ತು ಪಟ್ಟು ತೆಳು. ಇದರಿಂದ ಮತ್ತೆ ಒಂದು ಮಿಲಿಲೀಟರ್ ತೆಗೆದು ಒಂಬತ್ತು ಮಿಲಿಲೀಟರ್ ಸಲೈನ್‌ಗೆ ಹಾಕಿದರೆ ನೂರು ಪಟ್ಟು ತೆಳು. ಮೂರು ಕಾರ್ಡುಗಳನ್ನು ಸಾಲಾಗಿ ಇಟ್ಟು, ಮೊದಲನೆಯದಕ್ಕೆ ನೇರ ಮೂತ್ರ, ಎರಡನೆಯದಕ್ಕೆ ಹತ್ತು ಪಟ್ಟಿನದು, ಮೂರನೆಯದಕ್ಕೆ ನೂರು ಪಟ್ಟಿನದು ಹಾಕುತ್ತೇವೆ. ನಾಲ್ಕನೆಯ ಕಾರ್ಡಿಗೆ ಬರೀ ಸಲೈನ್. ಅದರಲ್ಲಿ ‘ಟಿ’ ಗೆರೆ ಬರಕೂಡದು. ಬಂದರೆ ಆ ಕಾರ್ಡುಗಳ ಪೊಟ್ಟಣವನ್ನೇ ನಂಬುವಂತಿಲ್ಲ.

ನೂರು ಪಟ್ಟು ತೆಳುವಾಗಿಸಿದರೆ ಇದ್ದ ಹಾರ್ಮೋನೂ ಹೋಗುವುದಿಲ್ಲವೇ ಎಂದು ಕೇಳುತ್ತಾರೆ. ಲೆಕ್ಕ ಹಾಕಿ: ಆರು ಲಕ್ಷ ಯೂನಿಟ್ ನೂರು ಪಟ್ಟು ತೆಳುವಾದರೆ ಆರು ಸಾವಿರ. ಕಾರ್ಡಿಗೆ ಬೇಕಾದ್ದು 25. ಇನ್ನೂ 240 ಪಟ್ಟು ಹೆಚ್ಚಿದೆ.

ಇದನ್ನು ಮನೆಯಲ್ಲಿಯೇ ಮಾಡಬಹುದೇ?

ಮಾಡಬಹುದು, ಕಷ್ಟವೇನಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಸೂಜಿಯಿಲ್ಲದ ಹತ್ತು ಮಿಲಿಲೀಟರ್ ಸಿರಿಂಜ್, ಸೋಪಿನ ಅಂಶ ಉಳಿಯದಂತೆ ತೊಳೆದ ಎರಡು ಲೋಟ, ಕುದಿಸಿ ಆರಿಸಿದ ನೀರು ಸಾಕು. ಸಲೈನ್ ಇದ್ದರೆ ಇನ್ನೂ ಒಳ್ಳೆಯದು. ಬರೀ ನೀರಿನ ಕಾರ್ಡೊಂದನ್ನು ಪಕ್ಕದಲ್ಲಿ ಇಡುವುದನ್ನು ಮರೆಯಬೇಡಿ. ಕಾರ್ಡಿನ ಚೀಟಿಯಲ್ಲಿ ಹೇಳಿದಷ್ಟೇ ಹನಿ, ಹೇಳಿದಷ್ಟೇ ನಿಮಿಷ. ಒಂದು ಗಂಟೆ ಬಿಟ್ಟು ನೋಡಿದಾಗ ಕಾಣುವ ಬೂದು ಗೆರೆಗೆ ಬೆಲೆಯಿಲ್ಲ.

ಆದರೆ ಇದರಿಂದ ಒಂದೇ ದಿಕ್ಕಿನಲ್ಲಿ ತೀರ್ಮಾನ ಮಾಡಬಹುದು. ತೆಳುವಾಗಿಸಿದಾಗ ಎರಡು ಗೆರೆ ಬಂದರೆ ಹಾರ್ಮೋನ್ ಇದೆ, ಮುಂದಿನ ಬಸ್ಸಿಗೇ ಆಸ್ಪತ್ರೆಗೆ ಹೋಗಿ. ಬರದಿದ್ದರೆ ‘ಬಸಿರಿಲ್ಲ’ ಎಂದು ತೀರ್ಮಾನಿಸಬೇಡಿ. ಹಾರ್ಮೋನ್ ನೂರು ಯೂನಿಟ್ ಮಾತ್ರ ಇದ್ದ ಮೂತ್ರವನ್ನು ಹತ್ತು ಪಟ್ಟು ತೆಳುವಾಗಿಸಿದರೆ ಉಳಿಯುವುದು ಹತ್ತು; ನಾವಾಗಿಯೇ ಇದ್ದ ಗೆರೆಯನ್ನು ಅಳಿಸಿದಂತೆ. ನನ್ನನ್ನು ಕೇಳಿದರೆ, ಮನೆಯಲ್ಲಿ ಲೋಟ ಸಿರಿಂಜ್ ಜೋಡಿಸುವ ಹೊತ್ತಿಗೆ ರಕ್ತ ಪರೀಕ್ಷೆಗೆ ಬರುವುದೇ ಸರಿ. ಆಗುಂಬೆ, ಬಿದನೂರು ನಗರದ ಆಚೆ ಮಳೆಗಾಲದಲ್ಲಿ ರಸ್ತೆ ಕಡಿದುಹೋದಾಗ ಮಾತ್ರ ಈ ಉಪಾಯಕ್ಕೆ ಅರ್ಥವಿದೆ. ಸಕ್ಕರೆ, ಟೂತ್‌ಪೇಸ್ಟ್, ಉಪ್ಪು ಹಾಕಿ ನೋಡುವ ‘ಪರೀಕ್ಷೆ’ಗಳು ಮೊಬೈಲಿನಲ್ಲಿ ಓಡಾಡುತ್ತವೆ, ಅವಕ್ಕೂ ಎಚ್‌ಸಿಜಿಗೂ ಯಾವ ಸಂಬಂಧವೂ ಇಲ್ಲ.

ಒಂದು ಉದಾಹರಣೆ ಕೊಟ್ಟು ಹೇಳುತ್ತೀರಾ?

ಯಾರದೋ ಒಬ್ಬರ ಕಥೆಯಲ್ಲ ಇದು. ಇಂಥ ಪ್ರಕರಣ ನಡೆಯುವ ರೀತಿಯನ್ನು ತೋರಿಸಲು ಕಟ್ಟಿದ ಉದಾಹರಣೆ.

ಹೊಸನಗರದ ಆಚೆ ಅಡಿಕೆ ತೋಟದ ಮನೆಯ ಸೊಸೆ, 29 ವರ್ಷ, ಒಂದು ಮಗುವಿದೆ. ಐದನೆಯ ವಾರದಲ್ಲಿ ಆಶಾ ಕಾರ್ಯಕರ್ತೆ ಕೊಟ್ಟ ನಿಶ್ಚಯ್ ಕಾರ್ಡಿನಲ್ಲಿ ಎರಡು ಗೆರೆ ಬಂದಿದೆ. ಕೊನೆ ಕೊಯ್ಲಿನ ಕಾಲ, ಮನೆ ತುಂಬ ಆಳುಗಳು. ತಪಾಸಣೆಗೆ ಆಮೇಲೆ ಹೋದರಾಯಿತು ಎಂದು ಬಿಟ್ಟಿದ್ದಾರೆ. ಒಂಬತ್ತನೆಯ ವಾರದಲ್ಲಿ ಎರಡು ದಿನ ಕಂದು ಬಣ್ಣದ ಸ್ರಾವ. ‘ಇಳಿದುಹೋಯಿತೇನೋ’ ಎಂದು ಅತ್ತೆಗೆ ಅನುಮಾನ. ಹನ್ನೊಂದನೆಯ ವಾರದಲ್ಲಿ ಪೇಟೆಯಿಂದ ಕಾರ್ಡ್ ತರಿಸಿ ನೋಡಿದರೆ ಒಂದೇ ಗೆರೆ. ಅನುಮಾನ ಖಚಿತವಾಯಿತು: ಮೊದಲು ಎರಡು ಗೆರೆ, ಆಮೇಲೆ ರಕ್ತ, ಈಗ ಒಂದು ಗೆರೆ. ಬಸಿರು ಹೋಗಿದೆ ಎಂದು ಯಾರಿಗಾದರೂ ಅನ್ನಿಸುವ ಸರಣಿಯೇ.

ಈ ಸರಣಿಗೆ ಹೊಂದದ ಮೂರು ಸಂಗತಿಗಳು ಆ ಹೆಣ್ಣುಮಗಳ ಮೈಯಲ್ಲೇ ಇವೆ. ಬಸಿರು ಹೋದ ಮೇಲೆ ವಾಂತಿ ಕಡಿಮೆಯಾಗಬೇಕಿತ್ತು. ಹೆಚ್ಚಾಗಿದೆ, ಗಂಜಿ ತಿಳಿಯೂ ನಿಲ್ಲುತ್ತಿಲ್ಲ. ಹೊಟ್ಟೆ ಇಳಿಯಬೇಕಿತ್ತು, ಕಿಬ್ಬೊಟ್ಟೆಯಲ್ಲಿ ಗಟ್ಟಿ ಉಬ್ಬು ಕೈಗೆ ಸಿಗುತ್ತಿದೆ, ನಾಲ್ಕು ತಿಂಗಳಿನಷ್ಟು. ಜೊತೆಗೆ ಎದೆ ಡವಗುಟ್ಟುವುದು, ಕೈ ನಡುಕ. ಈ ಕೊನೆಯದಕ್ಕೂ ಹಾರ್ಮೋನೇ ಕಾರಣ: ಎಚ್‌ಸಿಜಿಯ ರಚನೆ ಥೈರಾಯ್ಡ್ ಅನ್ನು ಪ್ರಚೋದಿಸುವ ಹಾರ್ಮೋನಿನ ರಚನೆಗೆ ಹತ್ತಿರದ್ದು. ಲಕ್ಷಗಟ್ಟಲೆ ಇದ್ದಾಗ ಅದು ಥೈರಾಯ್ಡ್ ಗ್ರಂಥಿಯನ್ನೂ ಕೆರಳಿಸುತ್ತದೆ.

ಲ್ಯಾಬಿಗೆ ಬಂದಾಗ ನೇರ ಮೂತ್ರದಲ್ಲಿ ‘ಟಿ’ ಗೆರೆ ಇಲ್ಲ. ಹತ್ತು ಪಟ್ಟು ತೆಳುವಾದದ್ದರಲ್ಲಿ ಮಸುಕು ಗೆರೆ. ನೂರು ಪಟ್ಟಿನದರಲ್ಲಿ ‘ಸಿ’ ಗೆರೆಯಷ್ಟೇ ಗಾಢ. ಬರೀ ಸಲೈನಿನ ಕಾರ್ಡಿನಲ್ಲಿ ಏನೂ ಇಲ್ಲ. ಹಾರ್ಮೋನ್ ಅತಿಯಾಗಿದೆ ಎನ್ನಲು ಇಷ್ಟು ಸಾಕು. ಎಷ್ಟು ಎಂದು ಹೇಳಲು ರಕ್ತ ಬೇಕು. ರಕ್ತದ ಸೀರಂ ಅನ್ನು ನೂರು ಪಟ್ಟು ತೆಳುವಾಗಿಸಿ ಯಂತ್ರಕ್ಕೆ ಹಾಕಿದಾಗ ಬಂದದ್ದು 7,800. ನೂರರಿಂದ ಗುಣಿಸಿದರೆ 7,80,000 ಯೂನಿಟ್. ಸಹಜ ಬಸಿರಿನ ಹನ್ನೊಂದನೆಯ ವಾರಕ್ಕೆ ಇದು ಹೊಂದುವ ಸಂಖ್ಯೆಯಲ್ಲ. ಅಂದೇ ಸ್ಕ್ಯಾನ್: ಮಗು ಇಲ್ಲ, ಗರ್ಭಕೋಶದ ತುಂಬ ಹಿಮ ಸುರಿದಂಥ ಬಿಳಿ ಚುಕ್ಕೆಗಳು. ಮೋಲಾರ್ ಗರ್ಭ. ಆಕೆಯನ್ನು ಶಿವಮೊಗ್ಗಕ್ಕೆ ಕಳಿಸುತ್ತಾರೆ, ರಕ್ತ ಕೊಡುವ ಸೌಲಭ್ಯವಿರುವ ಕಡೆ ಅದನ್ನು ಹೀರಿ ತೆಗೆಯುತ್ತಾರೆ.

ಇದೇ ಹೆಣ್ಣುಮಗಳಿಗೆ ಸಹಜ ಬಸಿರಾಗಿದ್ದು, ಬರೀ ತುಂಡುಗಳ ಕಾರಣಕ್ಕೆ ಕಾರ್ಡ್ ತಪ್ಪಿದ್ದರೆ? ಆಗಲೂ ತೆಳುವಾಗಿಸಿದ ಕಾರ್ಡಿನಲ್ಲಿ ಗೆರೆ ಬರುತ್ತಿತ್ತು. ರಕ್ತದಲ್ಲಿ ಒಂದು ಲಕ್ಷದ ಆಸುಪಾಸು, ಸ್ಕ್ಯಾನಿನಲ್ಲಿ ಮಿಡಿಯುವ ಹೃದಯ. ಮೂತ್ರದ ಕಾರ್ಡ್ ಇವೆರಡನ್ನು ಬೇರೆ ಮಾಡಿ ತೋರಿಸಲಾರದು.

ರಕ್ತ ಪರೀಕ್ಷೆ ತಪ್ಪುವುದೇ ಇಲ್ಲವೇ?

ತುಂಡುಗಳ ಕಾರಣಕ್ಕೆ ತಪ್ಪುವುದಿಲ್ಲ, ಏಕೆಂದರೆ ಆ ತುಂಡು ರಕ್ತದಲ್ಲಿ ತೀರ ಕಡಿಮೆ. ಪೂರ್ಣ ಹಾರ್ಮೋನ್ ಬಹಳ ಅತಿಯಾದರೆ ಯಂತ್ರವೂ ಮೋಸಹೋಗಬಹುದು. ಅದರ ತತ್ವವೂ ಇದೇ ಎರಡು ಪ್ರತಿಕಾಯಗಳದ್ದು. ನಡುವೆ ತೊಳೆಯುವ ಹಂತ ಇರುವ ವಿಧಾನಗಳಲ್ಲಿ ಹೆಚ್ಚುವರಿ ಹಾರ್ಮೋನ್ ಮೊದಲೇ ಹೊರಹೋಗುವುದರಿಂದ ಅಪಾಯ ಕಡಿಮೆ. ವೈದ್ಯರು ಚೀಟಿಯಲ್ಲಿ ‘ಮೋಲಾರ್ ಸಂಶಯ’ ಎಂದು ಎರಡು ಪದ ಬರೆದರೆ ಲ್ಯಾಬಿನವರು ತೆಳುವಾಗಿಸಿಯೂ ನೋಡುತ್ತಾರೆ. ಬರೆಯದಿದ್ದರೆ ನಮಗೆ ತಿಳಿಯುವುದು ಹೇಗೆ? ಟ್ಯೂಬಿನ ಮೇಲೆ ಹೆಸರು, ವಯಸ್ಸು ಬಿಟ್ಟು ಬೇರೇನೂ ಇರುವುದಿಲ್ಲ.

ಕಾರ್ಡ್ ‘ಇಲ್ಲ’ ಎಂದಿತು, ಮುಟ್ಟು ಬರಿಸುವ ಮಾತ್ರೆ ತೆಗೆದುಕೊಳ್ಳಬಹುದೇ?

ಮುಟ್ಟು ನಿಂತು ಎರಡು ತಿಂಗಳಾಗಿದ್ದರೆ, ಒಂದು ಕಾರ್ಡನ್ನು ನಂಬಿ ಬೇಡ. ‘ಪಿಸಿಒಡಿ ಇರಬೇಕು’ ಎಂದು ಅಂಗಡಿಯಲ್ಲೇ ಮಾತ್ರೆ ಕೊಡುವ ರೂಢಿ ನಮ್ಮ ಕಡೆ ಇದೆ. ವಾಂತಿಗೆ ಗ್ಯಾಸ್ಟ್ರಿಕ್ ಮಾತ್ರೆ, ಹೊಟ್ಟೆ ನೋವಿಗೆ ಎಕ್ಸ್‌ರೇ ಅದರ ಹಿಂದೆಯೇ ಬರುತ್ತವೆ. ಮೊದಲು ಸ್ಕ್ಯಾನ್ ಅಥವಾ ರಕ್ತದ ಬೀಟಾ ಎಚ್‌ಸಿಜಿ. ಗರ್ಭಕೋಶದೊಳಗಿನ ಎರಡು ತಿಂಗಳ ಬಸಿರು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣುತ್ತದೆ.

ಬೇರೆ ಕಂಪನಿಯ ಕಾರ್ಡ್, ಡಿಜಿಟಲ್ ಕಾರ್ಡ್ ತಂದರೆ ಆಗದೇ?

ಬೇರೆ ಕಂಪನಿಯದರಲ್ಲಿ ಪ್ರತಿಕಾಯ ಬೇರೆ ಇರುವುದರಿಂದ ಗೆರೆ ಬರಲೂಬಹುದು. ಒಂದೇ ದಿನ ಎರಡು ಕಂಪನಿಯ ಕಾರ್ಡುಗಳು ಬೇರೆ ಬೇರೆ ಉತ್ತರ ಕೊಟ್ಟರೆ ಅದೇ ಒಂದು ಸುಳಿವು. ಡಿಜಿಟಲ್ ಎಂದರೆ ಗೆರೆಯನ್ನು ನಮ್ಮ ಕಣ್ಣಿನ ಬದಲು ಯಂತ್ರ ನೋಡುತ್ತದೆ, ಅಷ್ಟೇ. ಒಳಗಿನ ಪಟ್ಟಿ ಅದೇ ಬಗೆಯದು.

ಗೆರೆ ವಾರದಿಂದ ವಾರಕ್ಕೆ ಮಸುಕಾಗುತ್ತಿದೆ. ಬಸಿರು ಇಳಿಯುತ್ತಿದೆಯೇ?

ಕಾರ್ಡಿನಿಂದ ಅದನ್ನು ಹೇಳಲಾಗದು. ಐದನೆಯ ವಾರದಲ್ಲಿ ಗಾಢ, ಒಂಬತ್ತರಲ್ಲಿ ಮಸುಕು ಎಂದಾದರೆ ಹಾರ್ಮೋನ್ ಇಳಿದಿರಲೂಬಹುದು, ತುಂಡುಗಳು ಹೆಚ್ಚಿರಲೂಬಹುದು. ಒಮ್ಮೆ ಎರಡು ಗೆರೆ ಬಂದ ಮೇಲೆ ಮತ್ತೆ ಮತ್ತೆ ಕಾರ್ಡ್ ಹಾಕಿ ನೋಡುವುದರಿಂದ ಆತಂಕ ಬಿಟ್ಟು ಏನೂ ಸಿಗುವುದಿಲ್ಲ. ತಾಯಿ ಕಾರ್ಡ್ ಮಾಡಿಸಿ, ಸ್ಕ್ಯಾನ್ ದಿನ ಕೇಳಿ.

ವೈದ್ಯರ ಬಳಿ ಏನೆಂದು ಹೇಳಬೇಕು?

ಕೊನೆಯ ಮುಟ್ಟಿನ ಮೊದಲ ದಿನಾಂಕ, ಯಾವ ದಿನ ಯಾವ ಕಾರ್ಡಿನಲ್ಲಿ ಎಷ್ಟು ಗೆರೆ ಬಂತು, ರಕ್ತ ಹೋಗಿದ್ದರೆ ಎಷ್ಟು ದಿನ, ದ್ರಾಕ್ಷಿಯಂಥ ಗುಳ್ಳೆಗಳು ಬಿದ್ದವೇ. ಇಷ್ಟು ಹೇಳಿ. ಗುಳ್ಳೆಗಳು ಬಿದ್ದಿದ್ದರೆ ಸಂಕೋಚ ಬೇಡ, ಸ್ವಚ್ಛ ಡಬ್ಬಿಯಲ್ಲಿ ಹಾಕಿ ತನ್ನಿ. ಕಾರ್ಡುಗಳ ಫೋಟೊ ಮೊಬೈಲಿನಲ್ಲಿ ಇದ್ದರೆ ತೋರಿಸಿ. ಕಾರ್ಡನ್ನೇ ತಂದರೆ ಉಪಯೋಗವಿಲ್ಲ, ಒಣಗಿದ ಮೇಲೆ ಗೆರೆ ಬದಲಾಗುತ್ತದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಮೊದಲೇ ತಿಳಿಸಿ. ಮೋಲಾರ್ ಗರ್ಭ ತೆಗೆದಾಗ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಅವರು ನಿರ್ಧರಿಸಬೇಕಾಗುತ್ತದೆ.

ಮೋಲಾರ್ ಗರ್ಭ ತೆಗೆಸಿಕೊಂಡ ಮೇಲೆ ಮನೆಯಲ್ಲಿ ಕಾರ್ಡ್ ಹಾಕಿ ನೋಡಿಕೊಳ್ಳಬಹುದೇ?

ಸಾಲದು. ತೆಗೆದ ಅಂಗಾಂಶದ ಸ್ವಲ್ಪ ಭಾಗ ಉಳಿದು ಮತ್ತೆ ಬೆಳೆಯುವ, ಕೆಲವರಲ್ಲಿ ಕ್ಯಾನ್ಸರ್ ಸ್ವರೂಪಕ್ಕೆ ತಿರುಗುವ ಅಪಾಯ ಇರುತ್ತದೆ. ಅದನ್ನು ಮೊದಲೇ ಹಿಡಿಯುವುದು ಹಾರ್ಮೋನ್ ಇಳಿಯುತ್ತಿದೆಯೋ, ನಿಂತಿದೆಯೋ, ಏರುತ್ತಿದೆಯೋ ಎಂಬ ಲೆಕ್ಕದಿಂದ. ಕಾರ್ಡ್ ‘ಇದೆ, ಇಲ್ಲ’ ಎನ್ನುತ್ತದೆ, ಸಂಖ್ಯೆ ಹೇಳುವುದಿಲ್ಲ. ಹಾಗಾಗಿ ರಕ್ತದ ಎಚ್‌ಸಿಜಿಯನ್ನು ಸಹಜ ಮಟ್ಟಕ್ಕೆ ಬರುವವರೆಗೆ ವಾರ ವಾರ, ಆಮೇಲೆ ವೈದ್ಯರು ಹೇಳಿದಷ್ಟು ತಿಂಗಳು ತಿಂಗಳಿಗೊಮ್ಮೆ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ನೋಡಬೇಕು. ಯಂತ್ರ ಬದಲಾದರೆ ಸಂಖ್ಯೆಗಳನ್ನು ಹೋಲಿಸುವುದು ಕಷ್ಟ. ಆ ಅವಧಿಯಲ್ಲಿ ಮತ್ತೆ ಬಸಿರಾದರೆ ಏರಿದ ಹಾರ್ಮೋನ್ ಯಾವುದರದ್ದು ಎಂದು ತಿಳಿಯದಂತಾಗುತ್ತದೆ. ವೈದ್ಯರು ಅಷ್ಟು ದಿನ ಗರ್ಭನಿರೋಧಕ ಬಳಸಿ ಎನ್ನುವುದು ಅದಕ್ಕೇ.